ಗಟ್ಟಿ ಬಂಡೆಯಲ್ಲಿ ಕೊಳವೆಬಾವಿ ಏಕೆ ವಿಫಲವಾಗಬಹುದು: ಗ್ರಾಮ ಪಂಚಾಯಿತಿಗೆ ಬರೆದ ಪತ್ರ, ಪದೇ ಪದೇ ಕೇಳುವ ಪ್ರಶ್ನೆಗಳ ರೂಪದಲ್ಲಿ

ಮಾನ್ಯ ಅಧ್ಯಕ್ಷರಿಗೆ, ಸದಸ್ಯರಿಗೆ ಮತ್ತು ಪಿಡಿಒ ಅವರಿಗೆ ನಮಸ್ಕಾರಗಳು.

ಕೋಲಾರ ಜಿಲ್ಲೆಯ ತಮ್ಮ ಗ್ರಾಮಕ್ಕೆ ಕುಡಿಯುವ ನೀರಿನ ಕೊಳವೆಬಾವಿ ಕೊರೆಸುವ ಸಲುವಾಗಿ ಜನವರಿ ತಿಂಗಳಲ್ಲಿ ನಾನು ಎರಡು ಸ್ಥಳಗಳನ್ನು ಪರೀಕ್ಷಿಸಿ ವರದಿ ಕೊಟ್ಟಿದ್ದೆ. ಶಾಲೆಯ ಹಿಂದೆ, ಓವರ್‌ಹೆಡ್ ಟ್ಯಾಂಕಿನ ಪಕ್ಕದಲ್ಲಿರುವ ದಿಣ್ಣೆಯ ಮೇಲಿನ ಜಾಗ ಮೊದಲನೆಯದು. ಊರಿನ ದಕ್ಷಿಣಕ್ಕೆ, ಹಳ್ಳದ ಅಂಚಿನಲ್ಲಿ ಹಳೆಯ ಕಲ್ಲುಕಟ್ಟಡದ ಬಾವಿಯ ಬಳಿ ಇರುವ ಜಾಗ ಎರಡನೆಯದು. ಮೊದಲನೆಯದು ವಿಫಲವಾಗುವ ಸಾಧ್ಯತೆ ಬಹಳ ಹೆಚ್ಚು, ಎರಡನೆಯದು ಉತ್ತಮವಾದರೂ ಅದೂ ವಿಫಲವಾಗಬಹುದು ಎಂದು ನಾನು ಬರೆದದ್ದು ಸಭೆಯಲ್ಲಿ ಗೊಂದಲಕ್ಕೆ ಕಾರಣವಾಯಿತೆಂದು ತಿಳಿಯಿತು. ಸದಸ್ಯರೂ ಗ್ರಾಮಸ್ಥರೂ ಆ ದಿನ ಕೇಳಿದ ಪ್ರಶ್ನೆಗಳನ್ನೇ ಇಲ್ಲಿ ಒಂದೊಂದಾಗಿ ಎತ್ತಿಕೊಂಡು ಉತ್ತರ ಬರೆದಿದ್ದೇನೆ. ಟೆಂಡರ್ ಕರೆಯುವ ಮೊದಲು ಇದನ್ನು ಸಭೆಯಲ್ಲಿ ಓದಿಸಬೇಕೆಂದು ಕೋರುತ್ತೇನೆ.

ನಮ್ಮ ನೆಲದ ಕೆಳಗೆ ನೀರು ಎಲ್ಲಿರುತ್ತದೆ?

ಕೋಲಾರದ ಬಹುಭಾಗದ ಕೆಳಗಿರುವುದು ನೈಸ್ ಮತ್ತು ಗ್ರಾನೈಟ್ ಜಾತಿಯ ಬಂಡೆ. 250 ಕೋಟಿ ವರ್ಷಗಳಿಗೂ ಹಳೆಯದಾದ ಈ ಬಂಡೆ ಮರಳುಗಲ್ಲಿನಂತೆ ತನ್ನ ಮೈಯೊಳಗೆ ನೀರನ್ನು ಹೀರಿಕೊಂಡು ಇಟ್ಟುಕೊಳ್ಳುವುದಿಲ್ಲ. ಒಂದು ಜಲ್ಲಿಕಲ್ಲನ್ನು ರಾತ್ರಿಯಿಡೀ ನೀರಿನಲ್ಲಿ ಮುಳುಗಿಸಿಟ್ಟು ಬೆಳಿಗ್ಗೆ ಒಡೆದು ನೋಡಿದರೆ ಒಳಗೆ ಒಣಗಿಯೇ ಇರುತ್ತದೆ. ನೆಲದಡಿಯ ಗಟ್ಟಿ ಬಂಡೆಯ ಸ್ವಭಾವವೂ ಅದೇ.

ಹಾಗಾದರೆ ನಾವು ಇಷ್ಟು ವರ್ಷ ಕುಡಿದ ನೀರು ಎಲ್ಲಿತ್ತೆಂದರೆ, ಎರಡು ಕಡೆ. ಮೇಲ್ಭಾಗದಲ್ಲಿ ಬಂಡೆ ಮಳೆ, ಬಿಸಿಲು ಮತ್ತು ಬೇರುಗಳಿಗೆ ಸಿಕ್ಕಿ ಲಕ್ಷಾಂತರ ವರ್ಷಗಳಲ್ಲಿ ಸಡಿಲವಾಗಿ ಪುಡಿಯಾಗಿದೆ. ಬಾವಿ ತೋಡುವವರು ಮೊರಂ ಎಂದು ಕರೆಯುವ ಪದರವೂ ಅದರ ಕೆಳಗೆ ಅರ್ಧ ಸವೆದ ಕಲ್ಲೂ ಸೇರಿ ಆಗುವ ಈ ಶಿಥಿಲ ವಲಯವೇ ನೀರಿನ ನಿಜವಾದ ಉಗ್ರಾಣ. ಇದರ ಕೆಳಗಿನ ಗಟ್ಟಿ ಬಂಡೆಯಲ್ಲಿ ಅಲ್ಲಲ್ಲಿ ಬಿರುಕುಗಳಿವೆ. ಬಿರುಕುಗಳು ನೀರನ್ನು ಸಾಗಿಸುವ ಕಾಲುವೆಗಳೇ ಹೊರತು ಸಂಗ್ರಹಿಸುವ ತೊಟ್ಟಿಗಳಲ್ಲ. ಅವುಗಳೊಳಗೆ ಹಿಡಿಯುವ ನೀರು ಅತ್ಯಲ್ಪ. ಮೇಲಿನ ಶಿಥಿಲ ವಲಯದಿಂದ ಇಳಿದುಬರುವ ನೀರನ್ನು ಅವು ಬಾವಿಯವರೆಗೆ ತಲುಪಿಸುತ್ತವೆ, ಅಷ್ಟೇ. ಮುಂದಿನ ಎಲ್ಲ ಉತ್ತರಗಳೂ ಉಗ್ರಾಣ ಮತ್ತು ಕಾಲುವೆಯ ಈ ವ್ಯತ್ಯಾಸದ ಮೇಲೆ ನಿಂತಿರುವುದರಿಂದ ಇದನ್ನು ಗಮನದಲ್ಲಿಟ್ಟುಕೊಂಡು ಓದಬೇಕು.

ಟ್ಯಾಂಕಿನ ಪಕ್ಕದ ಜಾಗ ಬೇಡವೆನ್ನಲು ಕಾರಣವೇನು? ಅಲ್ಲಿ ಕೊರೆಸಿದರೆ ಪೈಪ್‌ಲೈನ್ ಖರ್ಚೂ ಉಳಿಯುತ್ತದಲ್ಲವೇ?

ಪೈಪ್‌ಲೈನ್ ಖರ್ಚು ಉಳಿಯುತ್ತದೆಂಬುದು ನಿಜ, ಆದರೆ ಆ ಜಾಗವನ್ನು ಆರಿಸಿದ್ದು ಟ್ಯಾಂಕು, ನೆಲವಲ್ಲ. ಓವರ್‌ಹೆಡ್ ಟ್ಯಾಂಕನ್ನು ಊರಿನ ಎತ್ತರದ ಜಾಗದಲ್ಲಿ ಕಟ್ಟುವುದು ನೀರು ತಾನಾಗಿ ಮನೆಗಳಿಗೆ ಇಳಿಯಲೆಂದು. ಆ ಎತ್ತರ ಉಳಿದಿರುವುದಕ್ಕೆ ಕಾರಣ ಅಲ್ಲಿನ ಬಂಡೆ ಸುತ್ತಲಿನ ಬಂಡೆಗಿಂತ ಕಡಿಮೆ ಬಿರುಕುಬಿಟ್ಟು ಕಡಿಮೆ ಸವೆದಿರುವುದು. ಹೀಗಾಗಿ ಟ್ಯಾಂಕಿಗೆ ಒಳ್ಳೆಯದಾದ ದಿಣ್ಣೆ ಸಾಮಾನ್ಯವಾಗಿ ಕೊಳವೆಬಾವಿಗೆ ಕೆಟ್ಟ ಜಾಗವಾಗಿರುತ್ತದೆ. ಶಾಲೆಯ ಕಾಂಪೌಂಡಿನಿಂದ ನೂರು ಹೆಜ್ಜೆ ಆಚೆ ಹಾಸುಬಂಡೆ ನೆಲದ ಮೇಲೆಯೇ ಕಾಣುತ್ತದೆ. ಬೇಸಿಗೆಯಲ್ಲಿ ಹುಣಸೆಹಣ್ಣು ಒಣಗಿಸುವುದು ಅದೇ ಬಂಡೆಯ ಮೇಲೆ. ಅದೇ ಬಂಡೆ ಟ್ಯಾಂಕಿನ ಕೆಳಗೂ ಮುಂದುವರಿದಿದೆ.

ನೆಲ ವಿದ್ಯುತ್ತನ್ನು ಎಷ್ಟು ತಡೆಯುತ್ತದೆಂಬ ನಮ್ಮ ಅಳತೆಯೂ ಇದನ್ನೇ ಹೇಳಿತು. ಅಲ್ಲಿ ಕೆಂಪು ಮಣ್ಣು ಮತ್ತು ಮೊರಂ ಸೇರಿ ಸುಮಾರು 20 ಅಡಿ ಇದೆ. ಅದರ ಕೆಳಗೆ ವಿದ್ಯುತ್ ನಿರೋಧ ಒಮ್ಮೆಲೇ 2,000 ಓಮ್-ಮೀಟರ್ ದಾಟುತ್ತದೆ ಮತ್ತು ನಕ್ಷೆಯ ಗೆರೆ ಎಲ್ಲಿಯೂ ಬಾಗದೆ 45 ಡಿಗ್ರಿ ಓರೆಯಲ್ಲಿ ಮೇಲೇರುತ್ತದೆ. ಹಾಗೆ ಏರುವ ಗೆರೆಯ ಅರ್ಥ, ಕೆಳಗೆ ಬಿರುಕಿಲ್ಲದ ತಾಜಾ ಬಂಡೆ ಇದೆ ಎಂದು. ಅಲ್ಲಿ ಉಗ್ರಾಣವೂ ಇಲ್ಲ, ಕಾಲುವೆಯ ಸುಳಿವೂ ಇಲ್ಲ. ಐದು ಬಾರಿ ಕೊರೆದರೆ ಒಮ್ಮೆ ಸಾಕಷ್ಟು ನೀರು ಸಿಗಬಹುದೆಂಬುದು ನನ್ನ ಅಂದಾಜು, ಅದೂ ಸ್ವಲ್ಪ ಉದಾರವಾದ ಅಂದಾಜೇ.

ಎರಡನೆಯ ಜಾಗದಲ್ಲಿ ಏನು ಕಂಡಿರಿ?

ಹಳ್ಳ ಉತ್ತರದಿಂದ ದಕ್ಷಿಣಕ್ಕೆ ಇಳಿಯುತ್ತದೆ. ಊರಿನ ದಕ್ಷಿಣಕ್ಕೆ ಹೊಲಗಳ ನಡುವೆ ಕರಿಕಲ್ಲಿನ ಗುಂಡುಗಳು ಪೂರ್ವ ಪಶ್ಚಿಮವಾಗಿ ಒಂದೇ ಸಾಲಿನಲ್ಲಿ ಬಿದ್ದಿರುವುದನ್ನು ರೈತರೆಲ್ಲರೂ ನೋಡಿದ್ದಾರೆ. ಭೂವಿಜ್ಞಾನದಲ್ಲಿ ಇದನ್ನು ಡಾಲರೈಟ್ ಡೈಕ್ ಎನ್ನುತ್ತೇವೆ. ಹಿಂದೆ ನೈಸ್ ಬಂಡೆ ಸೀಳಿದಾಗ ಕೆಳಗಿನಿಂದ ಕರಗಿದ ಶಿಲೆ ಏರಿಬಂದು ಆ ಸೀಳಿನಲ್ಲಿ ಹೆಪ್ಪುಗಟ್ಟಿ ನಿಂತ ಗೋಡೆ ಅದು. ನೀರು ಸುಲಭವಾಗಿ ದಾಟಲಾಗದ ಈ ಗೋಡೆ ಹಳ್ಳವನ್ನು ಅಡ್ಡಗಟ್ಟಿರುವುದರಿಂದ, ನೆಲದೊಳಗೆ ದಕ್ಷಿಣಕ್ಕೆ ಸರಿಯುವ ನೀರು ಅದರ ಉತ್ತರ ಮಗ್ಗುಲಲ್ಲಿ ತಡೆದು ನಿಲ್ಲುತ್ತದೆ. ಹಳೆಯ ಕಲ್ಲುಕಟ್ಟಡದ ಬಾವಿ ಇರುವುದು ಸರಿಯಾಗಿ ಆ ಮಗ್ಗುಲಲ್ಲೇ. ಆ ಬಾವಿಯನ್ನು ತೋಡಿದ ಹಿರಿಯರು ನೆಲವನ್ನು ಚೆನ್ನಾಗಿ ಬಲ್ಲವರಾಗಿದ್ದರು.

ಅಲ್ಲಿ ಶಿಥಿಲ ವಲಯ ಸುಮಾರು 62 ಅಡಿಯವರೆಗೆ ಇಳಿದಿದೆ. ಅದರ ಕೆಳಗೆ ಸುಮಾರು 115 ಅಡಿಯವರೆಗೆ ನಿರೋಧ 250 ಓಮ್-ಮೀಟರಿನ ಆಸುಪಾಸಿನಲ್ಲಿದೆ. ಇದು ಬಿರುಕುಬಿಟ್ಟ ಬಂಡೆಗೆ ಹೊಂದುವ ಅಂಕಿ. ಆಮೇಲೆ ಗಟ್ಟಿ ಬಂಡೆ. ಹಳೆಯ ಬಾವಿಯಲ್ಲಿ ಜನವರಿಯಲ್ಲಿ ನೀರು 42 ಅಡಿ ಆಳದಲ್ಲಿತ್ತು. ಅಂದರೆ ಉಗ್ರಾಣದ ತಳಭಾಗದ 20 ಅಡಿಯಲ್ಲಿ ಈಗ ನೀರಿದೆ.

ಹಾಗಿದ್ದರೆ ಅಲ್ಲಿ ನೀರು ಖಚಿತವಲ್ಲವೇ? "ಅದೂ ವಿಫಲವಾಗಬಹುದು" ಎಂದೇಕೆ ಬರೆದಿರಿ?

ಇದಕ್ಕೆ ನಮ್ಮ ಉಪಕರಣ ನಿಜವಾಗಿ ಏನನ್ನು ನೋಡುತ್ತದೆಂಬುದನ್ನು ಹೇಳಬೇಕಾಗುತ್ತದೆ. ನೆಲಕ್ಕೆ ನಾಲ್ಕು ಕಬ್ಬಿಣದ ಗೂಟಗಳನ್ನು ಹೊಡೆದು, ಹೊರಗಿನ ಎರಡರ ಮೂಲಕ ವಿದ್ಯುತ್ ಹರಿಸಿ, ಒಳಗಿನ ಎರಡರ ನಡುವೆ ವೋಲ್ಟೇಜ್ ಅಳೆಯುತ್ತೇವೆ. ಹೊರಗಿನ ಗೂಟಗಳನ್ನು ದೂರ ಸರಿಸುತ್ತ ಹೋದಂತೆ ವಿದ್ಯುತ್ ಹೆಚ್ಚು ಆಳಕ್ಕೆ ಇಳಿಯುತ್ತದೆ. ಯಂತ್ರ ನೀರನ್ನು ನೋಡುವುದಿಲ್ಲ. ನೆಲ ವಿದ್ಯುತ್ತನ್ನು ಎಷ್ಟು ತಡೆಯುತ್ತದೆಂಬುದನ್ನಷ್ಟೇ ಅಳೆಯುತ್ತದೆ. ಒದ್ದೆ ಮೊರಂ ಕಡಿಮೆ ತಡೆಯುತ್ತದೆ, ಹಾಗೆಯೇ ನೀರನ್ನು ಬಿಟ್ಟುಕೊಡದ ಜೇಡಿಮಣ್ಣೂ ಕಡಿಮೆ ತಡೆಯುತ್ತದೆ. ಅಂಕಿಯೊಂದನ್ನೇ ನೋಡಿ ಇವೆರಡನ್ನು ಬೇರ್ಪಡಿಸಲು ಹಲವು ಬಾರಿ ಸಾಧ್ಯವಾಗುವುದಿಲ್ಲ.

ಇದಕ್ಕಿಂತ ದೊಡ್ಡ ಮಿತಿ ಆಳದ್ದು. ನಾವು ಒಟ್ಟು 650 ಅಡಿ ಉದ್ದಕ್ಕೆ ತಂತಿ ಎಳೆದಿದ್ದೆವು. ಸ್ಥೂಲವಾಗಿ ತಂತಿಯ ಉದ್ದದ ಕಾಲು ಭಾಗದಿಂದ ಮೂರನೆಯ ಒಂದು ಭಾಗದಷ್ಟು ಆಳದವರೆಗೆ ಮಾತ್ರ ಓದು ನಂಬಿಕೆಗೆ ಅರ್ಹ, ಅಂದರೆ ಇಲ್ಲಿ 160ರಿಂದ 215 ಅಡಿ. ಸಾವಿರ ಅಡಿಯ ಕೆಳಗಿನದನ್ನು ಹೇಳಬೇಕಾದರೆ ಒಂದು ಕಿಲೋಮೀಟರಿಗೂ ಉದ್ದವಾದ ನೇರ ಜಾಗ ಬೇಕು. ಮನೆ, ಬೇಲಿ, ಕರೆಂಟ್ ಕಂಬಗಳ ನಡುವೆ ಅದು ಸಿಗುವುದಿಲ್ಲ. ನೂರು ಅಡಿ ತಂತಿ ಎಳೆದು ಎಂಟುನೂರು ಅಡಿಯಲ್ಲಿ ನೀರಿದೆಯೆಂದು ಯಾರಾದರೂ ಬರೆದುಕೊಟ್ಟರೆ ಆ ಕಾಗದವನ್ನು ನಂಬಬೇಡಿ.

ಇನ್ನು ತೆಳುವಾದ ಬಿರುಕಿನ ವಿಷಯ. ಒಂದು ಪದರ ಈ ವಿಧಾನಕ್ಕೆ ಕಾಣಬೇಕಾದರೆ ಅದರ ದಪ್ಪ ಅದಿರುವ ಆಳದ ಸುಮಾರು ಹತ್ತನೆಯ ಒಂದು ಭಾಗದಷ್ಟಾದರೂ ಇರಬೇಕು. 250 ಅಡಿಯಲ್ಲಿ ಕಾಣಲು 25 ಅಡಿ ದಪ್ಪ ಬೇಕಾಯಿತು. ಆದರೆ ಕೊಳವೆಬಾವಿಗೆ ಮೂರು ಇಂಚು ನೀರು ಕೊಡುವ ಬಿರುಕು ಅಂಗೈ ಅಗಲವೂ ಇರಬೇಕಾಗಿಲ್ಲ. ಹಾಗಾಗಿ ನನ್ನ ವರದಿ ಉಗ್ರಾಣದ ಬಗ್ಗೆ ಸಾಕಷ್ಟು ವಿಶ್ವಾಸದಿಂದ ಮಾತನಾಡುತ್ತದೆ, ಕಾಲುವೆಯ ಬಗ್ಗೆ ಊಹೆಯಿಂದ ಮಾತ್ರ. ಹಳ್ಳದ ಜಾಗದಲ್ಲಿ ಹತ್ತರಲ್ಲಿ ಆರು ಅಥವಾ ಏಳು ಪಾಲು ಯಶಸ್ಸಿನ ಸಾಧ್ಯತೆ ಇದೆಯೆಂದು ನಾನು ತೀರ್ಮಾನಿಸಿದ್ದೇನೆ. ಉಳಿದ ಮೂರು ನಾಲ್ಕು ಪಾಲನ್ನು ತಮ್ಮಿಂದ ಮುಚ್ಚಿಡುವುದು ನನ್ನ ವೃತ್ತಿಗೆ ಸಲ್ಲದು.

ಮೂವತ್ತು ಅಡಿ ದೂರದ ಹೊಲದಲ್ಲಿ ನೀರು ಬಿದ್ದು, ಪಕ್ಕದಲ್ಲೇ ಧೂಳು ಬರುವುದು ಹೇಗೆ?

ಬಿರುಕುಗಳು ನೆಲಕ್ಕೆ ಸಮತಲವಾಗಿರುವುದು ಕಡಿಮೆ, ಓರೆಯಾಗಿರುವುದೇ ಹೆಚ್ಚು. 70 ಡಿಗ್ರಿ ಕಡಿದಾಗಿ ಇಳಿಯುವ ಒಂದು ಬಿರುಕನ್ನು ಪಕ್ಕದ ಹೊಲದ ಬಾವಿ 180 ಅಡಿಯಲ್ಲಿ ಹಾದುಹೋಯಿತೆಂದು ಇಟ್ಟುಕೊಳ್ಳಿ. ಬಿರುಕು ಇಳಿಯುವ ದಿಕ್ಕಿನಲ್ಲಿ ಮೂವತ್ತು ಅಡಿ ಆಚೆ ಕೊರೆದರೆ ಅದೇ ಬಿರುಕು ಸಿಗುವುದು ಸುಮಾರು 262 ಅಡಿಯಲ್ಲಿ. ಎದುರು ದಿಕ್ಕಿನಲ್ಲಿ ಮೂವತ್ತು ಅಡಿ ಸರಿದರೆ ಅದು 98 ಅಡಿಯಲ್ಲೇ ಸಿಗಬೇಕು, ಆದರೆ ಅಲ್ಲಿ ನೀರಿನ ಮಟ್ಟ ಈಗಾಗಲೇ ಅದಕ್ಕಿಂತ ಕೆಳಗಿದ್ದರೆ ಸಿಕ್ಕ ಬಿರುಕು ಒಣಗಿರುತ್ತದೆ. ಬಿರುಕು ನೇರ ಲಂಬವಾಗಿದ್ದರಂತೂ, ಆರೂವರೆ ಇಂಚಿನ ಲಂಬ ರಂಧ್ರ ಅದಕ್ಕೆ ಒಂದಡಿ ದೂರದಲ್ಲಿ ಇಳಿದರೂ ಸಾವಿರ ಅಡಿಯವರೆಗೆ ಅದನ್ನು ಮುಟ್ಟದೆಯೇ ಹೋಗಬಹುದು.

ಇದಲ್ಲದೆ ಬಿರುಕಿನ ಬಾಯಿ ಒಂದು ಕಡೆ ತೆರೆದಿದ್ದು ಹತ್ತಡಿ ಆಚೆ ಜೇಡಿಯಿಂದಲೋ ಬಿಳಿಕಲ್ಲಿನಿಂದಲೋ ಮುಚ್ಚಿಹೋಗಿರುವುದು ಸಾಮಾನ್ಯ. ಮೇಲಿನ ಉಗ್ರಾಣಕ್ಕೆ ಸಂಪರ್ಕವೇ ಇಲ್ಲದ ಬಿರುಕುಗಳೂ ಇವೆ. ಅಂಥವು ಕೊರೆದ ದಿನ ಚಿಮ್ಮಿ ಹರಿದು ಜನರಲ್ಲಿ ಆಸೆ ಹುಟ್ಟಿಸುತ್ತವೆ, ಕೆಲವೇ ವಾರಗಳಲ್ಲಿ ಬತ್ತುತ್ತವೆ.

ಕೊರೆದ ದಿನ ಎರಡು ಇಂಚು ನೀರು ಬಂದರೆ ಸಾಕಲ್ಲವೇ?

ಸಾಲದು, ಮತ್ತು ಇದನ್ನು ಲೆಕ್ಕ ಹಾಕಿಯೇ ತೋರಿಸಬೇಕಾದ ವಿಷಯವೆಂದು ನನಗನ್ನಿಸುತ್ತದೆ. ಬಾವಿ ಕೊರೆಯುವ ಲಾರಿಯವರು ಇಂಚಿನ ಲೆಕ್ಕದಲ್ಲಿ ಹೇಳುವುದು, ಹರಿದುಬರುವ ನೀರನ್ನು ವಿ ಆಕಾರದ ಕಚ್ಚಿರುವ ತಗಡಿನ ಮೂಲಕ ಬಿಟ್ಟು ಆ ಕಚ್ಚಿನಲ್ಲಿ ನೀರು ಎಷ್ಟು ಎತ್ತರ ನಿಲ್ಲುತ್ತದೆಂದು ಅಳೆದ ಅಂಕಿ. ಕಚ್ಚು ಮೇಲಕ್ಕೆ ಹೋದಂತೆ ಅಗಲವಾಗುವುದರಿಂದ ಎರಡು ಇಂಚು ಒಂದು ಇಂಚಿನ ಎರಡರಷ್ಟಲ್ಲ. 90 ಡಿಗ್ರಿ ಕಚ್ಚಿನಲ್ಲಿ ಒಂದು ಇಂಚು ಎಂದರೆ ಗಂಟೆಗೆ ಸುಮಾರು 500 ಲೀಟರ್, ಎರಡು ಇಂಚು ಎಂದರೆ ಸುಮಾರು 2,900 ಲೀಟರ್, ಮೂರು ಇಂಚು ಎಂದರೆ ಸುಮಾರು 8,000 ಲೀಟರ್. ಒಂದೂವರೆಯನ್ನು ಎರಡೆಂದು ಬರೆದರೆ ನೀರು ಎರಡರಷ್ಟು ಹೆಚ್ಚಾಗಿ ಕಾಣುತ್ತದೆ. ಆದ್ದರಿಂದ ಅಳತೆಯನ್ನು ಪಂಚಾಯಿತಿಯವರು ಸ್ವತಃ ನೋಡಬೇಕು.

ತಮ್ಮ ಊರಿನ ಜನಸಂಖ್ಯೆ 1,600. ಜಲಜೀವನ್ ಮಿಷನ್ನಿನ ಲೆಕ್ಕದಂತೆ ಒಬ್ಬರಿಗೆ ದಿನಕ್ಕೆ 55 ಲೀಟರ್ ಎಂದರೆ ದಿನಕ್ಕೆ 88,000 ಲೀಟರ್ ಬೇಕು. ಎರಡು ಇಂಚಿನ ಬಾವಿಯಿಂದ ಇಪ್ಪತ್ನಾಲ್ಕು ಗಂಟೆ ಬಿಡುವಿಲ್ಲದೆ ಎತ್ತಿದರೂ ಸುಮಾರು 70,000 ಲೀಟರ್ ಮಾತ್ರ ಸಿಗುತ್ತದೆ. ಮೂರು ಇಂಚಿನ ಬಾವಿಯಾದರೆ ಹನ್ನೊಂದು ಗಂಟೆ ಸಾಕು. ಎರಡು ಇಂಚಿನ ಬಾವಿ ಸಿಕ್ಕರೆ ಅದನ್ನು ಕೈಬಿಡಬೇಕೆಂದು ನಾನು ಹೇಳುತ್ತಿಲ್ಲ. ಅದೊಂದೇ ಊರನ್ನು ಸಾಕುತ್ತದೆಂದು ಭಾವಿಸಿ ಇರುವ ಹಳೆಯ ಮೂಲಗಳನ್ನು ಬಿಟ್ಟುಬಿಡಬಾರದು ಎನ್ನುತ್ತಿದ್ದೇನೆ.

ಒಂದು ಗಂಟೆ ಮೋಟರ್ ಓಡಿಸಿ ನೋಡಿದರೆ ಬಾವಿಯ ಶಕ್ತಿ ತಿಳಿಯುವುದಿಲ್ಲವೇ?

ಆರೂವರೆ ಇಂಚಿನ ರಂಧ್ರದಲ್ಲಿ 300 ಅಡಿ ಎತ್ತರಕ್ಕೆ ನೀರು ನಿಂತಿದ್ದರೆ ಅದು ಸುಮಾರು 2,000 ಲೀಟರ್. ಗಂಟೆಗೆ 2,900 ಲೀಟರ್ ಎತ್ತುವ ಮೋಟರ್, ಬಂಡೆಯಿಂದ ಒಂದು ತೊಟ್ಟೂ ಬಾರದಿದ್ದರೂ, ರಂಧ್ರದಲ್ಲೇ ನಿಂತ ನೀರಿನಿಂದ ನಲವತ್ತು ನಿಮಿಷ ಓಡುತ್ತದೆ. ಒಂದು ಗಂಟೆಯ ಪರೀಕ್ಷೆಯ ಬಹುಭಾಗ ಹೀಗೆ ರಂಧ್ರದ ಪರೀಕ್ಷೆಯೇ ಆಗಿಬಿಡುತ್ತದೆ.

ಕನಿಷ್ಠ ಇಪ್ಪತ್ನಾಲ್ಕು ಗಂಟೆ ಒಂದೇ ವೇಗದಲ್ಲಿ ನೀರೆತ್ತಿ, ಮೊದಲ ಗಂಟೆಯಲ್ಲಿ ಐದೈದು ನಿಮಿಷಕ್ಕೂ ಆಮೇಲೆ ಗಂಟೆಗೊಮ್ಮೆಯೂ ನೀರಿನ ಮಟ್ಟವನ್ನು ಬರೆದಿಡಬೇಕು. ಮಟ್ಟ ಇಳಿದು ಒಂದು ಕಡೆ ನಿಂತರೆ ಬಂಡೆ ಅಷ್ಟು ನೀರನ್ನು ಕೊಡಬಲ್ಲುದು. ಇಳಿಯುತ್ತಲೇ ಹೋದರೆ, ಅಥವಾ ನಿಂತಿದ್ದ ಮಟ್ಟ ನಡುವೆ ಒಮ್ಮೆಲೇ ಕುಸಿದರೆ, ಒಂದು ಬಿರುಕು ಖಾಲಿಯಾಯಿತೆಂದು ಅರ್ಥ. ಮೋಟರ್ ನಿಲ್ಲಿಸಿದ ಮೇಲೆ ಮಟ್ಟ ಎಷ್ಟು ಹೊತ್ತಿನಲ್ಲಿ ಮೇಲೇರುತ್ತದೆಂಬುದನ್ನೂ ಬರೆಯಿರಿ. ಎತ್ತಿದಷ್ಟೇ ಹೊತ್ತು ಬಿಟ್ಟರೂ ಹಳೆಯ ಮಟ್ಟದ ಸಮೀಪಕ್ಕೆ ಬಾರದ ಬಾವಿ ಸಂಗ್ರಹವನ್ನು ತಿನ್ನುತ್ತಿದೆ. ಈ ಕೆಲಸಕ್ಕೆ ನೂಲಿನ ತುದಿಗೆ ತೂಕ ಕಟ್ಟಿದ ಗುರುತುಪಟ್ಟಿಯೂ ತಮ್ಮ ನೀರಗಂಟಿಯೂ ಸಾಕು. ಪರೀಕ್ಷೆಯನ್ನು ಮಳೆಗಾಲ ಮುಗಿದ ಕೂಡಲೇ ಮಾಡದೆ ಏಪ್ರಿಲ್ ಅಥವಾ ಮೇ ತಿಂಗಳಲ್ಲಿ ಮಾಡಿದರೆ ಬಾವಿಯ ನಿಜಸ್ಥಿತಿ ತಿಳಿಯುತ್ತದೆ.

ಹಳ್ಳದ ಜಾಗದ ಉಗ್ರಾಣದಲ್ಲಿ ಈಗ ಎಷ್ಟು ನೀರಿದೆ?

ಶಿಥಿಲ ವಲಯದಲ್ಲಿ ನೀರು ನಿಂತಿರುವ ಭಾಗದ ಎತ್ತರ 20 ಅಡಿ, ಅಂದರೆ ಸುಮಾರು 6 ಮೀಟರ್. ಅದರಲ್ಲಿ ಬಾವಿಗೆ ಬಿಟ್ಟುಕೊಡುವ ನೀರು ಒಟ್ಟು ಗಾತ್ರದ ನೂರಕ್ಕೆ ಎರಡು ಭಾಗ ಮಾತ್ರ. ಉಳಿದದ್ದು ಕಣಗಳಿಗೆ ಅಂಟಿಕೊಂಡೇ ಇರುತ್ತದೆ ಅಥವಾ ಅದು ಗಟ್ಟಿ ಕಲ್ಲೇ ಆಗಿರುತ್ತದೆ. ಡೈಕಿನ ಉತ್ತರಕ್ಕೆ ಇಂಥ ವಲಯ 25 ಎಕರೆಯಷ್ಟು ಹರಡಿದೆಯೆಂದು ಎಣಿಸಿದರೆ ಸಿಗುವುದು ಸುಮಾರು 1 ಕೋಟಿ 20 ಲಕ್ಷ ಲೀಟರ್. ದಿನಕ್ಕೆ 88,000 ಲೀಟರಿನಂತೆ ಊರೊಂದೇ ಬಳಸಿದರೆ ಸುಮಾರು 136 ದಿನ, ಅಂದರೆ ಜನವರಿಯಿಂದ ಮೇ ಅಂತ್ಯದವರೆಗೆ ಬರುತ್ತದೆ.

ಆದರೆ ಅದೇ 25 ಎಕರೆಯೊಳಗೆ ನಾಲ್ಕು ನೀರಾವರಿ ಕೊಳವೆಬಾವಿಗಳಿವೆ. ಅವುಗಳಲ್ಲಿ ಒಂದೊಂದೂ ಟೊಮೆಟೊ ಬೆಳೆಗೆ ಎತ್ತುವ ನೀರು ಊರಿನ ಪಾಲಿನಷ್ಟೇ ಆದರೆ 136 ದಿನ ಐದು ಪಾಲಾಗಿ ಇಪ್ಪತ್ತೇಳು ದಿನಕ್ಕೆ ಇಳಿಯುತ್ತದೆ. ಕೊಳವೆಬಾವಿ ವಿಫಲವಾಗುವುದಕ್ಕೆ ಬಂಡೆಯೊಂದೇ ಕಾರಣವಲ್ಲವೆಂದು ನಾನು ಹೇಳುವುದು ಇದಕ್ಕಾಗಿ. ಕೊರೆಯುವ ಮೊದಲೇ ಆ ನಾಲ್ವರು ರೈತರೊಂದಿಗೆ ಕುಳಿತು, ಬೇಸಿಗೆಯ ಮೂರು ತಿಂಗಳು ಎಷ್ಟು ಗಂಟೆ ಮೋಟರ್ ಓಡಿಸಬಹುದೆಂಬ ಮಾತುಕತೆ ಆಗಬೇಕು. ಸಾರ್ವಜನಿಕ ಕುಡಿಯುವ ನೀರಿನ ಮೂಲದಿಂದ 500 ಮೀಟರ್ ಒಳಗೆ ಅನುಮತಿಯಿಲ್ಲದೆ ಹೊಸ ಬಾವಿ ತೋಡುವುದನ್ನು 1999ರ ಕರ್ನಾಟಕದ ಕಾಯಿದೆ ನಿರ್ಬಂಧಿಸುತ್ತದೆ. ಹೊಸಬರ ವಿಷಯದಲ್ಲಿ ಅದನ್ನು ಬಳಸಿಕೊಳ್ಳಬಹುದು, ಆದರೆ ಈಗಾಗಲೇ ಅಲ್ಲಿ ಬದುಕು ಕಟ್ಟಿಕೊಂಡಿರುವ ನಾಲ್ಕು ಮನೆಗಳ ವಿಷಯದಲ್ಲಿ ಒಪ್ಪಂದವೇ ದಾರಿ.

ನೀರು ಸಿಗದಿದ್ದರೆ 1,200 ಅಡಿಯವರೆಗೆ ಇಳಿಸಬಾರದೇ? ಕೆಳಗೆ ಪಾತಾಳಗಂಗೆ ಇದೆಯಲ್ಲವೇ?

ಗಟ್ಟಿ ಬಂಡೆಯ ಕೆಳಗೆ ನದಿಯಾಗಲಿ ಸರೋವರವಾಗಲಿ ಇಲ್ಲ. ಮೇಲಿನ ಭಾರ ಹೆಚ್ಚಾದಂತೆ ಬಿರುಕುಗಳು ಬಿಗಿಯುತ್ತವೆ ಮತ್ತು ಆಳಕ್ಕೆ ಹೋದಂತೆ ವಿರಳವಾಗುತ್ತವೆ. ನೀರು ಕೊಡುವ ಬಿರುಕುಗಳಲ್ಲಿ ಹೆಚ್ಚಿನವು ಮೊದಲ 300 ಅಡಿಯೊಳಗೇ ಇರುತ್ತವೆ. ಕೋಲಾರದಲ್ಲಿ ಸಾವಿರ ಅಡಿ ದಾಟಿದ ಮೇಲೆ ನೀರು ಸಿಕ್ಕ ಬಾವಿಗಳಿವೆ, ಅದನ್ನು ಅಲ್ಲಗಳೆಯುವುದಿಲ್ಲ. ಅವು ಮೇಲಿನ ಬಿರುಕುಗಳೆಲ್ಲ ಬತ್ತಿದ ಮೇಲೆ ಉಳಿದ ಕೆಲವೇ ಆಳದ ಸೀಳುಗಳನ್ನು ಮುಟ್ಟಿದ ಬಾವಿಗಳು. ಅಲ್ಲಿನ ನೀರು ಬಹುಕಾಲ ಬಂಡೆಗೆ ತಾಗಿಕೊಂಡೇ ಇದ್ದುದರಿಂದ ಅದರಲ್ಲಿ ಫ್ಲೋರೈಡ್ ಹೆಚ್ಚಾಗಿರುವ ಸಂಭವವೂ ಹೆಚ್ಚು. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಫ್ಲೋರೈಡ್ ಅಪೇಕ್ಷಿತ ಮಿತಿ. ಬೇರೆ ಮೂಲವೇ ಇಲ್ಲದಾಗ 1.5 ಮಿಲಿಗ್ರಾಂವರೆಗೆ ಮಾತ್ರ ಒಪ್ಪಬಹುದು. ಸಿಕ್ಕ ನೀರನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸದೆ ಟ್ಯಾಂಕಿಗೆ ಜೋಡಿಸಬೇಡಿ.

ಹಾಗಾದರೆ ಎಲ್ಲಿ ನಿಲ್ಲಿಸಬೇಕೆಂದು ತಿಳಿಯುವುದು ಹೇಗೆ?

ನಿಲ್ಲಿಸುವ ಆಳವನ್ನು ಲಾರಿ ಬರುವ ಮೊದಲೇ ಠರಾವಿನಲ್ಲಿ ಬರೆದುಕೊಳ್ಳಬೇಕು. ಕಂಪ್ರೆಸರ್ ಸದ್ದಿನ ನಡುವೆ, ಸುತ್ತ ನೆರೆದ ಜನ "ಇನ್ನೊಂದು ಐವತ್ತು ಅಡಿ" ಎನ್ನುತ್ತಿರುವಾಗ ಯಾರಿಂದಲೂ ತಣ್ಣಗೆ ಯೋಚಿಸಲಾಗುವುದಿಲ್ಲ. ಅಡಿಯ ದರವೂ ಆಳಕ್ಕೆ ಹೋದಂತೆ ಏರುವುದರಿಂದ ಕೊನೆಯ ಇನ್ನೂರು ಅಡಿಗೆ ತೆರುವ ಹಣ ಮೊದಲ ಇನ್ನೂರಕ್ಕಿಂತ ಹೆಚ್ಚು, ನೀರು ಸಿಗುವ ಸಾಧ್ಯತೆಯಾದರೋ ಕಡಿಮೆ. ಹಳ್ಳದ ಜಾಗದಲ್ಲಿ 300 ಅಡಿಗೆ ಒಮ್ಮೆ ನಿಲ್ಲಿಸಿ ಪರಿಶೀಲಿಸಿ, ಯಾವ ಸುಳಿವೂ ಇಲ್ಲದಿದ್ದರೆ ಅಲ್ಲಿಗೇ ಮುಗಿಸಬೇಕೆಂದೂ ಸುಳಿವಿದ್ದರೆ ಮಾತ್ರ 500 ಅಡಿಯವರೆಗೆ ಹೋಗಬಹುದೆಂದೂ ನನ್ನ ಸಲಹೆ.

ಸುಳಿವು ಸಿಗುವುದು ಹೊರಬರುವ ಪುಡಿಯಲ್ಲಿ. ಪ್ರತಿ ಹತ್ತು ಅಡಿಗೆ ಒಂದು ಬೊಗಸೆ ಪುಡಿಯನ್ನು ತೆಗೆದು, ತೊಳೆದು, ಗೋಣಿಚೀಲದ ಮೇಲೆ ಸಾಲಾಗಿ ಇಡಿ. ಬಿಳಿ ಬೂದು ಬಣ್ಣದ ನುಣ್ಣನೆಯ ಧೂಳು ನೂರು ಅಡಿ ಸತತವಾಗಿ ಬಂದರೆ ಅದು ತಾಜಾ ಬಂಡೆ. ಚೂರುಗಳ ಮೇಲೆ ತುಕ್ಕಿನಂಥ ಕಂದು ಕಲೆ ಕಂಡರೆ ಅಲ್ಲಿ ನೀರು ಓಡಾಡಿದ ಬಿರುಕಿದೆ. ಅದೇ ಹೊತ್ತಿಗೆ ಬಂಡೆ ಕೊರೆಯುವ ಸುತ್ತಿಗೆ ಬೇಗ ಇಳಿಯುವುದೂ ಗಮನಕ್ಕೆ ಬರುತ್ತದೆ. ಪುಡಿ ಒಮ್ಮೆಲೇ ಕಪ್ಪಾಗಿ, ಭಾರವಾಗಿ, ನುಣುಪಾಗಿ ಬರತೊಡಗಿದರೆ ರಂಧ್ರ ಕರಿಕಲ್ಲಿನ ಗೋಡೆಯನ್ನೇ ಹೊಕ್ಕಿದೆ. ಗೋಡೆ ನೇರವಾಗಿ ಕೆಳಗಿಳಿದಿರುವುದರಿಂದ ಅದರೊಳಗೆ ಎಷ್ಟು ಆಳ ಹೋದರೂ ಪ್ರಯೋಜನವಿಲ್ಲ. ಇದನ್ನು ತಪ್ಪಿಸಲೆಂದೇ ನಾನು ಗುರುತಿಟ್ಟ ಬಿಂದು ಕರಿಕಲ್ಲಿನ ಸಾಲಿನಿಂದ 60 ಅಡಿ ಉತ್ತರಕ್ಕಿದೆ. ಲಾರಿ ತಿರುಗಿಸಲು ಅನುಕೂಲವೆಂದು ಅದನ್ನು ಸರಿಸಬೇಡಿ.

ಕೇಸಿಂಗ್ ಪೈಪಿನ ಬಗ್ಗೆ ವರದಿಯಲ್ಲಿ ಅಷ್ಟೊಂದು ಬರೆದಿದ್ದೇಕೆ?

ಮೇಲಿನ ಮಣ್ಣು ಕುಸಿಯದಿರಲೆಂದು ಶಿಥಿಲ ವಲಯ ಮುಗಿಯುವವರೆಗೂ ತೂತಿಲ್ಲದ ಕೇಸಿಂಗ್ ಇಳಿಸುವುದು ರೂಢಿ. ಹಳ್ಳದ ಜಾಗದಲ್ಲಿ ಹಾಗೆ 62 ಅಡಿಯವರೆಗೂ ಇಳಿಸಿದರೆ, ನೀರು ತುಂಬಿರುವ 42ರಿಂದ 62 ಅಡಿಯ ಭಾಗವನ್ನು ನಾವೇ ಕೈಯಾರೆ ಮುಚ್ಚಿದಂತಾಗುತ್ತದೆ. ಆಮೇಲೆ ಕೆಳಗೆ ಬಿರುಕು ಸಿಗದಿದ್ದರೆ ಬಾವಿ ವಿಫಲವೆಂದು ಘೋಷಿಸಲಾಗುತ್ತದೆ, ನೀರು ಮಾತ್ರ ಪೈಪಿನ ಹೊರಗೆ ನಿಂತೇ ಇರುತ್ತದೆ. ಆದ್ದರಿಂದ 40 ಅಡಿಯವರೆಗೆ ತೂತಿಲ್ಲದ ಪೈಪನ್ನೂ ಅದರ ಕೆಳಗೆ ಸಣ್ಣ ಸೀಳುಗಳಿರುವ ಪೈಪನ್ನೂ ಇಳಿಸಿ, ಹೊರಸುತ್ತಿನಲ್ಲಿ ಸಣ್ಣ ಜಲ್ಲಿ ತುಂಬಿಸಬೇಕೆಂದು ಬರೆದಿದ್ದೇನೆ. ಇದಕ್ಕಾಗಿ ಮೇಲ್ಭಾಗದ ರಂಧ್ರವನ್ನು ಹೆಚ್ಚು ಅಗಲವಾಗಿ ಕೊರೆಯಬೇಕಾಗುತ್ತದೆ, ಸ್ವಲ್ಪ ಹೆಚ್ಚು ಖರ್ಚಾಗುತ್ತದೆ. ಟೆಂಡರಿನಲ್ಲಿ ಇದನ್ನು ಬರೆಯದಿದ್ದರೆ ಲಾರಿಯವರು ಮಾಡುವುದಿಲ್ಲ, ಅದಕ್ಕೆ ಅವರನ್ನು ದೂರುವಂತೆಯೂ ಇಲ್ಲ. ನೆಲಮಟ್ಟದಲ್ಲಿ ಪೈಪಿನ ಸುತ್ತ ಸಿಮೆಂಟ್ ತುಂಬುವುದನ್ನು ಮರೆಯಬೇಡಿ, ಇಲ್ಲವಾದರೆ ಹಳ್ಳದ ಕೊಳಕು ನೀರು ನೇರವಾಗಿ ಬಾವಿಗಿಳಿಯುತ್ತದೆ.

ತೆಂಗಿನಕಾಯಿ ಹಿಡಿದು ನೋಡಿದವರು ಶಾಲೆಯ ಹಿಂದೆಯೇ ನೀರಿದೆ ಎಂದಿದ್ದಾರೆ. ಅವರು ತೋರಿಸಿದ ಎಷ್ಟೋ ಕಡೆ ನೀರು ಬಿದ್ದಿದೆಯಲ್ಲ?

ಶಿಥಿಲ ವಲಯ ದಪ್ಪವಾಗಿ ಹರಡಿದ್ದ ಕಾಲದಲ್ಲಿ, ಅದರ ತುಂಬ ನೀರೂ ಇದ್ದಾಗ, ತಗ್ಗಿನಲ್ಲಿ ಎಲ್ಲಿ ಕೊರೆದರೂ ಸ್ವಲ್ಪ ನೀರು ಬೀಳುತ್ತಿತ್ತು; ತೋರಿಸಿದವರು ಯಾರಾದರೂ ಅದು ನಿಜವಾಗುತ್ತಿತ್ತು. ಬಿದ್ದ ಬಾವಿಗಳ ನೆನಪು ಊರಿನಲ್ಲಿ ಉಳಿಯುತ್ತದೆ, ಧೂಳು ಬಂದವುಗಳನ್ನು ಮುಚ್ಚಿ ಮರೆಯುತ್ತಾರೆ. ಆ ಹಿರಿಯರ ಬಗ್ಗೆ ನನಗೆ ಗೌರವವಿದೆ. ಹಳ್ಳದ ಹಳೆಯ ಬಾವಿ ಯಾವ ವರ್ಷ ಬತ್ತಿತ್ತು, ಯಾವ ಮಳೆಗೆ ಮತ್ತೆ ತುಂಬಿತೆಂಬುದನ್ನು ನನಗೆ ತಿಳಿಸಿದವರು ಅವರೇ, ಮತ್ತು ಆ ಮಾಹಿತಿ ಯಂತ್ರದಿಂದ ಸಿಗುವಂಥದ್ದಲ್ಲ. ಆದರೆ ಶಾಲೆಯ ಹಿಂದಿನ ಹಾಸುಬಂಡೆಯ ವಿಷಯದಲ್ಲಿ ನನ್ನ ಅಭಿಪ್ರಾಯ ಬದಲಾಗುವುದಿಲ್ಲ.

ಮಳೆ ಚೆನ್ನಾಗಿ ಬಂದರೆ ವಿಫಲವಾದ ಬಾವಿಗೆ ಮತ್ತೆ ನೀರು ಬರುವುದೇ? ಅದಕ್ಕೆ ಮಳೆನೀರು ಇಂಗಿಸಬಹುದೇ?

ಬಿರುಕಿದ್ದು ಒಣಗಿದ ಬಾವಿಗೆ ಬರಬಹುದು, ಬಿರುಕೇ ಇಲ್ಲದ ಬಾವಿಗೆ ಬರುವುದಿಲ್ಲ. ಇವೆರಡನ್ನು ಬೇರ್ಪಡಿಸಲು ಸುಲಭದ ಪರೀಕ್ಷೆಯೊಂದಿದೆ. ಒಂದು ಟ್ಯಾಂಕರ್ ಶುದ್ಧ ನೀರನ್ನು ಬಾವಿಗೆ ಬಿಟ್ಟು ಮಟ್ಟವನ್ನು ಗಮನಿಸಿ. ಕೆಲವು ಗಂಟೆಗಳಲ್ಲಿ ಮಟ್ಟ ಇಳಿದರೆ ಬಂಡೆ ನೀರು ಕುಡಿಯುತ್ತಿದೆ. ಮರುದಿನವೂ ಅಲ್ಲೇ ನಿಂತಿದ್ದರೆ ಆ ರಂಧ್ರಕ್ಕೆ ಇಂಗುಗುಂಡಿ ಕಟ್ಟಿಸುವುದು ವ್ಯರ್ಥ. ಇಂಗಿಸುವುದಾದರೆ ಜಲ್ಲಿ ಮತ್ತು ಮರಳಿನ ಪದರಗಳಲ್ಲಿ ಸೋಸಿದ ಮಳೆನೀರನ್ನು ಮಾತ್ರ ಬಿಡಬೇಕು. ಬೀದಿಯ ಚರಂಡಿಯ ನೀರನ್ನಾಗಲಿ ಗೊಬ್ಬರ ಹಾಕಿದ ಹೊಲದ ನೀರನ್ನಾಗಲಿ ಬಿಟ್ಟರೆ ಅದು ಬಿರುಕುಗಳ ಮೂಲಕ ಸೋಸದೆಯೇ ಪಕ್ಕದ ಕುಡಿಯುವ ನೀರಿನ ಬಾವಿಯನ್ನು ಸೇರುತ್ತದೆ.

ವಿಫಲವಾದರೆ ಆ ದಿನವೇ ಮಾಡಬೇಕಾದದ್ದೇನು?

ಕೇಸಿಂಗ್ ಪೈಪನ್ನು ಕಿತ್ತು ಬೇರೆಡೆಗೆ ಒಯ್ಯುವ ವಾಡಿಕೆ ಇದೆ. ಹಾಗೆ ಮಾಡಿದರೆ ನೆಲಮಟ್ಟದಲ್ಲಿ ಮಗುವೊಂದು ಜಾರಿ ಬೀಳುವಷ್ಟು ಅಗಲದ ಗುಂಡಿ ಉಳಿಯುತ್ತದೆ, ಮತ್ತು ಮೊದಲನೆಯ ಜಾಗ ಶಾಲೆಯ ಹಿಂದೆಯೇ ಇದೆ. ಇಂಥ ಸಾವುಗಳನ್ನು ತಡೆಯಲು 2010ರಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ನಿರ್ದೇಶನಗಳಂತೆ, ಕೈಬಿಟ್ಟ ಕೊಳವೆಬಾವಿಯನ್ನು ಜೇಡಿ, ಮರಳು, ಕಲ್ಲು ಅಥವಾ ಕೊರೆದ ಪುಡಿಯಿಂದ ತಳದಿಂದ ನೆಲಮಟ್ಟದವರೆಗೂ ತುಂಬಿಸಬೇಕು. ಬಾಯಿಗೆ ಚೀಲ ತುರುಕಿ ಮೇಲೆ ಮಣ್ಣೆಳೆಯುವುದನ್ನು ತುಂಬಿಸಿದ್ದೆಂದು ಪರಿಗಣಿಸಬಾರದು. ಒಂದು ಮಳೆಗೆ ಅದು ಕುಸಿಯುತ್ತದೆ. ನೀರಿನ ಮಟ್ಟ ಅಳೆಯಲೆಂದು ಬಾವಿಯನ್ನು ಉಳಿಸಿಕೊಳ್ಳುವುದಾದರೆ ಕೇಸಿಂಗನ್ನು ಕೀಳದೆ, ಉಕ್ಕಿನ ಮುಚ್ಚಳವನ್ನು ಬೋಲ್ಟ್ ಹಾಕಿ ಬಿಗಿಸಬೇಕು. ಇವೆರಡರಲ್ಲಿ ಒಂದು ಮುಗಿದು, ಪಿಡಿಒ ಅವರು ನೋಡಿ ಸಹಿ ಹಾಕುವವರೆಗೆ ಲಾರಿ ಆ ಜಾಗದಿಂದ ಹೊರಡಬಾರದೆಂಬ ಷರತ್ತನ್ನು ಟೆಂಡರಿನಲ್ಲೇ ಸೇರಿಸಿ.